ಖಲಂದರ್ ಸಾಬರ ಭಟ್ಟಿ, ಬೆಂಗಳೂರಿನ ಐಸ್ ಪೆಟ್ಟಿಗೆ

ಆದಿಲಕ್ಷ್ಮಿಯ ತಂದೆ ಶಿವಾರಪಟ್ಟಣದಲ್ಲಿ ಕಮ್ಮಾರನಾಗಿದ್ದ. ಊರಿನ ಶಿಲ್ಪಿಗಳ ಉಳಿಗಳೆಲ್ಲ ಮೊನೆ ಹಿಡಿಸಿಕೊಳ್ಳಲು ಅವನ ಕುಲುಮೆಗೇ ಬರುತ್ತಿದ್ದವು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಅವಳು ತಿದಿಯೊತ್ತುತ್ತ, ಕಬ್ಬಿಣ ಯಾವ ಕೆಂಪಿಗೆ ಬಂದಾಗ ನೀರಿಗದ್ದಬೇಕು ಎನ್ನುವುದನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದಳಂತೆ. ಬೆಂಕಿಯ ಗುಣ ಬಲ್ಲ ಹೆಣ್ಣು ಎಂದೇ ಮುನಿಯಲ್ಲಪ್ಪ ಅವಳನ್ನು ಒಪ್ಪಿದ್ದು. ಅವನ ಕಡೆಯವರು ಮುಳಬಾಗಿಲಿನವರು. ಅವನಿಗೆ ಕೆಲಸ ಮಾತ್ರ ಚಿನ್ನದ ಗಣಿಯಲ್ಲಿ, ದೊರೆಗಳ ಕ್ಲಬ್ಬಿಗೆ ಬ್ರೆಡ್ಡು ಸುಡುವ ಬೇಕರಿಯಲ್ಲಿ.

ಮದುವೆಯಾದ ಹೊಸದರಲ್ಲಿ ಗಂಡ ಗಣಿಯ ಊರಿನ ಮನೆಗೆ ಬಂದರೆ ಅವನ ಅಂಗಿಯಿಂದ ಬರುತ್ತಿದ್ದ ವಾಸನೆ ಅವಳಿಗೆ ಹೊಸದು. ಹುಳಿ ಬಂದ ಹಿಟ್ಟಿನದೂ ಅಲ್ಲ, ಬೆಂದ ರೊಟ್ಟಿಯದೂ ಅಲ್ಲ, ಎರಡೂ ಸೇರಿದ್ದು. ಅವನು ಭಾನುವಾರಗಳಲ್ಲಿ ಮನೆಯಲ್ಲೇ ಹಿಟ್ಟು ನಾದಿ ಅವಳಿಗೆ ಕಲಿಸಿದ. ಅಂಗೈಯ ಬುಡದಿಂದ ತಳ್ಳು, ಮಡಿಚು, ತಿರುಗಿಸು. ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅದರ ಬದಲು ಅಂಗಡಿಯ ಮಾತು ಆಡುತ್ತಿದ್ದರು.

"ಕೋಲಾರದಾಗೆ, ಕಚೇರಿ ಹತ್ರ ಇಡೋಣ ಕಣೇ," ಎನ್ನುತ್ತಿದ್ದ ಮುನಿಯಲ್ಲಪ್ಪ. "ಕಾಫಿ ಕ್ಲಬ್ಬು ಊರು ತುಂಬಾ ಅವೆ. ನಮ್ಮದು ಕೆಫೆ. ಬಿಸಿ ಬನ್ನು, ಬೆಣ್ಣೆ, ಬಿಸ್ಕತ್ತು. ಬೇಸಿಗೇಲಿ ತಣ್ಣಗಿನ ಹಾಲು, ಐಸ್ ಹಾಕಿದ ನಿಂಬೆ ಷರಬತ್ತು. ಕ್ಲಬ್ಬಿನಾಗೆ ದೊರೆಗಳು ಕುಡೀತಾರಲ್ಲ, ಅದನ್ನ ನಮ್ಮ ರೈತ ಕುಡೀಬೇಕು, ಒಂದಾಣೆಗೆ."

ಹಾಗೆ ಹೇಳುವಾಗ ಅವನ ಮುಖ ಎಷ್ಟು ಎಳೆಯದಾಗುತ್ತಿತ್ತೆಂದರೆ, ಆದಿಲಕ್ಷ್ಮಿ ಬೇಕೆಂದೇ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ, ಯುದ್ಧದ ಕಾಲ, ಮಿಲಿಟರಿಯವರಿಗೆ ಬ್ರೆಡ್ಡು ಮಾಡುವವರು ಬೇಕೆಂದು ಸುದ್ದಿ ಬಂತು. ಬಂದೂಕು ಹಿಡಿಯಬೇಕಿಲ್ಲ, ಹಿಟ್ಟು ನಾದಿದರೆ ಸಾಕು, ಸಂಬಳದಲ್ಲಿ ಅರ್ಧ ಮನೆಗೇ ಬರುತ್ತದೆ. ಎರಡು ವರ್ಷ ಕಳೆದರೆ ಕೆಫೆಯ ದುಡ್ಡು ಕೂಡುತ್ತದೆ. ಮುನಿಯಲ್ಲಪ್ಪ ಹೆಸರು ಕೊಟ್ಟ. ಬೌರಿಂಗ್‌ಪೇಟೆಯ ಸ್ಟೇಷನ್ನಿನಲ್ಲಿ ರೈಲು ಹತ್ತಿದ. ಮಲಯಾದಿಂದ ನಾಲ್ಕು ಕಾಗದ ಬಂದವು, ಸಿಂಗಪುರದಿಂದ ಒಂದು. ಆಮೇಲೆ ಸಿಂಗಪುರ ಜಪಾನಿಯರ ಕೈಗೆ ಹೋಯಿತು. ನಲವತ್ತೆರಡರ ಮಳೆಗಾಲದಲ್ಲಿ ಸರ್ಕಾರದ ಒಂದು ಚೀಟಿ ಬಂತು: ಸುಳಿವಿಲ್ಲ.

ಆದಿಲಕ್ಷ್ಮಿ ಅತ್ತೆ ದೊಡ್ಡಗಂಗಮ್ಮನನ್ನು ಕರೆದುಕೊಂಡು ಕೋಲಾರಕ್ಕೆ ಬಂದಳು. ಕಚೇರಿಯ ಹಿಂದಿನ ಓಣಿಯಲ್ಲಿ ಖಲಂದರ್ ಸಾಬರ ಬೇಕರಿ. ಸಾಬರು ಮುನಿಯಲ್ಲಪ್ಪನನ್ನು ಬಲ್ಲವರು. ಅವರ ಕೈಕೆಳಗೆ ಅವಳು ನಾಲ್ಕು ವರ್ಷ ಹಿಟ್ಟು ನಾದಿದಳು, ಬನ್ನು ಉಂಡೆ ಕಟ್ಟಿದಳು. ಹೆಂಗಸು ಬೇಕರಿಯಲ್ಲಿ ದುಡಿಯುವುದನ್ನು ನೋಡಿ ನಗುವವರು ಮೊದಲ ವರ್ಷ ನಕ್ಕು ಸುಮ್ಮನಾದರು.

ಯುದ್ಧ ಮುಗಿಯಿತು. ಕೈದಿಗಳಾಗಿದ್ದವರು ಒಬ್ಬೊಬ್ಬರಾಗಿ ಊರಿಗೆ ಬರತೊಡಗಿದರು. ಮುಳಬಾಗಿಲಿಗೆ ಇಬ್ಬರು ಬಂದರು, ಶ್ರೀನಿವಾಸಪುರದ ಕಡೆಗೆ ಒಬ್ಬ. ಬಸ್ಸು ನಿಂತ ಸದ್ದಾದರೆ ಆದಿಲಕ್ಷ್ಮಿಯ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು. ಬಸ್ಸು ಹೊರಟ ಮೇಲೆ ಸಾಬರು ಮೆಲ್ಲಗೆ ಕೆಮ್ಮುತ್ತಿದ್ದರು. ಆಗ ಅವಳ ಕೈ ಮತ್ತೆ ಆಡುತ್ತಿತ್ತು.

ನಲವತ್ತಾರರ ದಸರಾ ಕಳೆದ ಮೇಲೆ ಕಚೇರಿಯ ಎದುರಿನ ಸಾಲಿನಲ್ಲಿ ಒಂದು ಮಳಿಗೆ ಖಾಲಿಯಾಯಿತು. ಮುಂದೆ ಜಗಲಿ, ಒಳಗೆ ಆರು ಮೇಜಿಗೆ ಜಾಗ. ಹಿಂಬಾಗಿಲು ತೆರೆದರೆ ಸಾಬರ ಓಣಿ. ಆದಿಲಕ್ಷ್ಮಿ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಹೋಗಿ ಮುಂಗಡ ಕೊಟ್ಟು ಬೀಗದ ಕೈ ತಂದಳು.

"ಕೆಫೆ," ಎಂದಳು ಅತ್ತೆಗೆ. ಅಷ್ಟೇ ಹೇಳಲಾದದ್ದು.

ಮಳಿಗೆಯೇನೋ ಆಯಿತು. ಕೆಫೆ ಎಂದರೆ ಬನ್ನು ಸುಡುವ ಭಟ್ಟಿ ಬೇಕು, ಕರೆಂಟಿನ ಐಸ್ ಪೆಟ್ಟಿಗೆ ಬೇಕು. ಇವೆರಡನ್ನು ಕೊಳ್ಳುವುದೋ, ಬಾಡಿಗೆಗೆ ತರುವುದೋ? ಗಂಡನ ಸಂಬಳದಿಂದ ಬಂದು ಕೂಡಿಟ್ಟದ್ದು, ತನ್ನ ಕೂಲಿಯಲ್ಲಿ ಉಳಿಸಿದ್ದು, ಎಲ್ಲ ಸೇರಿ ಸಾವಿರದ ನೂರು ರೂಪಾಯಿ ಇತ್ತು.

"ಕೊಂಡ್ಕೊಳ್ಳೇ," ಎಂದಳು ದೊಡ್ಡಗಂಗಮ್ಮ ಒಡನೆಯೇ. "ವಾಡು ವಸ್ತಾಡು. ನನ್ನ ಮಗ ಬಂದೇ ಬರ್ತಾನೆ. ಬಂದೋನಿಗೆ ಯಾರದ್ದೋ ಒಲೆ, ಯಾರದ್ದೋ ಪೆಟ್ಟಿಗೆ ತೋರಿಸ್ತೀಯಾ? ಇದು ನಿಂದು ಕಣಪ್ಪ ಅಂತ ತೋರಿಸಬೇಕು."

ಆದಿಲಕ್ಷ್ಮಿಗೆ ಅನ್ನಿಸಿದ್ದು ಬೇರೆ. ಭಟ್ಟಿ ಎಂಥದ್ದಿರಬೇಕು, ಎಷ್ಟು ಎತ್ತರದ ಕಮಾನು, ಬಾಗಿಲು ಯಾವ ದಿಕ್ಕಿಗೆ, ಇವೆಲ್ಲ ಅವನ ಮಾತು. ಅವನಿಲ್ಲದೆ ತಾನು ಕೊಂಡುಬಿಟ್ಟರೆ ಅವನ ಪಾಲಿನದನ್ನು ಕಸಿದುಕೊಂಡಂತೆ. ಬಾಡಿಗೆಗೆ ತಂದರೆ, ಅವನು ಬಂದ ದಿನ ವಾಪಸು ಕೊಟ್ಟು, ಅವನಿಗೆ ಬೇಕಾದದ್ದನ್ನು ಅವನೇ ಆರಿಸಲಿ. ಅತ್ತೆ ಸೊಸೆ ಇಬ್ಬರೂ ಕಾಯುತ್ತಿದ್ದುದು ಒಬ್ಬನನ್ನೇ. ಅದಕ್ಕಾಗಿಯೇ ಒಬ್ಬಳು ಕೊಳ್ಳು ಎಂದಳು, ಇನ್ನೊಬ್ಬಳು ಬೇಡ ಎಂದಳು.

ಮಾಲೂರಿನಲ್ಲಿ ಸುಬ್ಬರಾಯಪ್ಪ ಎಂಬ ವ್ಯಾಪಾರಿಯಿದ್ದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಸಾಮಾನನ್ನು ಬೆಂಗಳೂರಿನಲ್ಲಿ ಹಿಡಿದು, ವ್ಯಾಗನ್ನಿನಲ್ಲಿ ತಂದು, ಸ್ಟೇಷನ್ನಿನ ಪಕ್ಕದ ಬಯಲಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದ. ಅವನಲ್ಲಿ ಮಿಲಿಟರಿ ಭಟ್ಟಿಯೂ ಇದೆ, ಅಮೆರಿಕಾದವರ ಐಸ್ ಪೆಟ್ಟಿಗೆಯೂ ಇದೆ ಎಂದು ಸುದ್ದಿ ಬಂತು. ಅತ್ತೆಯ ಒತ್ತಾಯಕ್ಕೆ ಆದಿಲಕ್ಷ್ಮಿ ಖಲಂದರ್ ಸಾಬರನ್ನು ಜೊತೆಗೆ ಕರೆದುಕೊಂಡು ಬೆಳಗಿನ ಬಸ್ಸಿಗೆ ಮಾಲೂರಿಗೆ ಹೋದಳು.

ಬಯಲಲ್ಲಿ ಡೇರೆಯ ಬಟ್ಟೆ, ಜೀಪಿನ ಚಕ್ರ, ತಗಡಿನ ತೊಟ್ಟಿಗಳ ನಡುವೆ ಭಟ್ಟಿ ಬಿದ್ದಿತ್ತು. ಅರ್ಧ ಪೀಪಾಯಿಯಂತೆ ಬಾಗಿಸಿದ ಎರಡು ಕಬ್ಬಿಣದ ತಗಡು, ಹಿಂದೆ ಮುಂದೆ ಮುಚ್ಚಲು ಎರಡು ಹಲಗೆ, ತಳಕ್ಕೆ ಹಾಸುವ ಪಟ್ಟಿಗಳು. ತಗಡಿನ ಮೇಲೆ ಮಿಲಿಟರಿ ಸಾಮಾನಿನ ಬಾಣದ ಗುರುತು ಒತ್ತಿತ್ತು. ಒಳಮೈಯಲ್ಲಿ ಮಸಿ, ಮಸಿಯಲ್ಲಿ ಅಲ್ಲಲ್ಲಿ ಸುಟ್ಟ ಹಿಟ್ಟಿನ ಕಲೆ.

ಆದಿಲಕ್ಷ್ಮಿ ಕುಕ್ಕರುಗಾಲಲ್ಲಿ ಕೂತು ತಲೆಯನ್ನು ಒಳಕ್ಕೆ ಚಾಚಿದಳು. ಹಳೆಯ ಬ್ರೆಡ್ಡಿನ ವಾಸನೆ ಇನ್ನೂ ಇತ್ತೋ, ಅವಳಿಗೆ ಹಾಗೆ ತೋರಿತೋ. ಮಲಯಾದಿಂದ ಬಂದ ಎರಡನೆಯ ಕಾಗದದಲ್ಲಿ ಅವನು ಬರೆದಿದ್ದ, ಇಲ್ಲಿ ತಗಡಿನ ಭಟ್ಟಿ, ಮೇಲೆ ಮಣ್ಣು ಮೆತ್ತಿ ಕಾಯಿಸುತ್ತೇವೆ ಎಂದು. ಇಂಥದ್ದರ ಮುಂದೆಯೇ ಅವನು ಬೆವರು ಒರೆಸಿಕೊಂಡು ನಿಂತಿದ್ದು. ಇಂಥದ್ದೇ ಏಕೆ, ಇದೇ ಆಗಿರಬಾರದೇಕೆ? ಸಮುದ್ರದ ಆಚೆಯ ಭಟ್ಟಿ ಮಾಲೂರಿಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೈ ಆ ಕಲೆಯ ಮೇಲೆಯೇ ಆಡುತ್ತಿತ್ತು.

"ಇನ್ನೂರು ರೂಪಾಯಿ ಕೊಡಮ್ಮ, ಎತ್ಕೊಂಡು ಹೋಗು," ಎಂದ ಸುಬ್ಬರಾಯಪ್ಪ. "ಐಸ್ ಪೆಟ್ಟಿಗೆ ಎಂಟ್ನೂರು. ಬೆಂಗಳೂರ ಅಂಗಡೀಲಿ ಹೊಸದು ತಗೊಳೋಕೆ ಹೋದ್ರೆ ಇದರ ಎರಡರಷ್ಟಾಗ್ತದೆ, ಅದೂ ಹಡಗು ಬರೋ ತನಕ ಕಾಯ್ಬೇಕು."

"ತಗೋತೀನಿ," ಎಂಬ ಮಾತು ಅವಳ ಬಾಯಿಗೆ ಬಂದೇಬಿಟ್ಟಿತ್ತು. ಸಾಬರು ಅವಳ ಪಕ್ಕ ಬಂದು ಕೂತು ತಗಡನ್ನು ಬೆರಳಿನಿಂದ ತಟ್ಟಿದರು.

"ಬೇಟಿ, ಇದು ಮೈದಾನದ ಭಟ್ಟಿ," ಎಂದರು. "ನೆಲದ ಮೇಲೆ ಇಟ್ಟು ಮೇಲೆ ಮೊಳದುದ್ದ ಮಣ್ಣು ಹಾಕ್ಬೇಕು. ಶಾಖ ಹಿಡಿಯೋದು ಆ ಮಣ್ಣೇ, ಈ ತಗಡಲ್ಲ. ಮಳೆ ಬಂದ್ರೆ ಮಣ್ಣು ಹೋಯ್ತು, ಶಾಖಾನೂ ಹೋಯ್ತು. ನಿನ್ನ ಮಳಿಗೆ ಒಳಗೆ ಎಲ್ಲಿ ಹಾಕ್ತೀ ಅಷ್ಟು ಮಣ್ಣು? ಸೌದೆ ಎಷ್ಟು ತಿಂತದೆ ಗೊತ್ತಾ? ಫೌಜಿನೋರಿಗೆ ಸೌದೆ ಪುಕ್ಕಟೆ. ನಮಗಲ್ಲ."

ಅವಳು ಏಳಲಿಲ್ಲ. ಸಾಬರು ದನಿ ತಗ್ಗಿಸಿದರು. "ಭಟ್ಟಿ ಕೊಂಡ್ಕೋತಿದ್ದೀಯೋ, ಬೇರೆ ಏನಾದ್ರೂ ಕೊಂಡ್ಕೋತಿದ್ದೀಯೋ, ಅಷ್ಟು ನೋಡ್ಕೋ."

ಆದಿಲಕ್ಷ್ಮಿ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ಐಸ್ ಪೆಟ್ಟಿಗೆಯ ಹತ್ತಿರ ಹೋದಳು. ಬಿಳಿಯ ಬಣ್ಣದ ಎತ್ತರದ ಬೀರು, ಬಾಗಿಲಿನ ಸುತ್ತ ರಬ್ಬರು. ಗಣಿಯ ಕ್ಲಬ್ಬಿನಲ್ಲಿ ಗಂಡ ತೋರಿಸಿದ್ದಂಥದ್ದೇ.

"ಓಡಿಸಿ ತೋರಿಸಿ," ಎಂದಳು.

"ಇಲ್ಲಿ ಕರೆಂಟೆಲ್ಲಿದೆಯಮ್ಮ ಬಯಲಾಗೆ? ಬೆಂಗಳೂರಾಗೆ ಓಡ್ತಿತ್ತು. ನಾನೇ ಕಣ್ಣಾರೆ ನೋಡಿದೀನಿ."

ಬೀರುವಿನ ಹಿಂದೆ ಒಂದು ತಗಡಿನ ಚೀಟಿ ಇತ್ತು. ಇಂಗ್ಲಿಷು ಅವಳಿಗೆ ಬರದು, ಅಂಕಿ ಬರುತ್ತಿತ್ತು. ನೂರಾಹತ್ತು ಎಂದಿತ್ತು, ಇನ್ನೊಂದು ಕಡೆ ಅರವತ್ತು. ಅವೆರಡನ್ನೂ ಅವಳು ಮನಸ್ಸಿನಲ್ಲಿಟ್ಟುಕೊಂಡಳು. ಒಂದು ವಾರ ಟೈಮು ಕೊಡಿ ಎಂದು ಕೇಳಿ ಬಸ್ಸು ಹತ್ತಿದಳು. ಕೋಲಾರದವರೆಗೂ ಅಂಗೈಯ ಮಸಿಯನ್ನು ತೊಳೆಯಲಿಲ್ಲ.

ಬೆಂಗಳೂರು ದಂಡು ಪ್ರದೇಶದ ಒಂದು ಕಂಪನಿ ಹೋಟೆಲು, ಆಸ್ಪತ್ರೆಗಳಿಗೆ ಐಸ್ ಪೆಟ್ಟಿಗೆಗಳನ್ನು ತಿಂಗಳ ಬಾಡಿಗೆಗೆ ಕೊಡುತ್ತಿತ್ತು. ಸಾಬರು ಕಾಗದ ಬರೆಸಿದ್ದರಿಂದ ಅಲ್ಲಿಯ ಮೆಕ್ಯಾನಿಕ್ ವೆಂಕಟರಮಣ ಆ ವಾರವೇ ಕೋಲಾರಕ್ಕೆ ಬಂದ. ಖಾಕಿ ಅಂಗಿಯ, ಕಡಿಮೆ ಮಾತಿನ ಮನುಷ್ಯ. ಮಳಿಗೆಯನ್ನು ಅಳೆದ. ದೀಪದ ತಂತಿಗೆ ತನ್ನ ಮೀಟರು ಹಚ್ಚಿ ನೋಡಿದ. ದೀಪ ಹೊತ್ತಿಸುವ ಹೊತ್ತಿನವರೆಗೂ ಕೂತಿದ್ದು ಮತ್ತೊಮ್ಮೆ ನೋಡಿದ.

ಆದಿಲಕ್ಷ್ಮಿ ಆ ಎರಡು ಅಂಕಿಗಳನ್ನು ಹೇಳಿದಳು.

"ಅದು ಅಮೆರಿಕಾದ ಕರೆಂಟಿಗೆ ಮಾಡಿದ್ದು," ಎಂದ ವೆಂಕಟರಮಣ. "ನಮ್ಮಲ್ಲಿ ಬರೋದು ಅದರ ಎರಡರಷ್ಟು. ನೇರವಾಗಿ ಹಾಕಿದ್ರೆ ಆವತ್ತೇ ಮೋಟಾರು ಸುಟ್ಟು ಹೋಗ್ತದೆ. ನಡುವೆ ತಗ್ಗಿಸೋ ಪೆಟ್ಟಿಗೆ ಒಂದು ಹಾಕ್ಬೇಕು. ಹಾಕಿದ್ರೂ ಆ ಅರವತ್ತು ಇದೆಯಲ್ಲ, ಕರೆಂಟು ಮಿಡಿಯೋ ಲೆಕ್ಕ, ನಮ್ಮಲ್ಲಿ ಐವತ್ತು, ಅದು ಹೊಂದೋದಿಲ್ಲ. ಮೋಟಾರು ನಿಧಾನಕ್ಕೆ ತಿರುಗಿ ಬಿಸಿ ಆಗ್ತಿರ್ತದೆ. ಎಷ್ಟು ದಿನ ಬಾಳ್ತದೆ ಅಂತ ನಾನು ಹೇಳಲಾರೆ."

"ನಿಮ್ಮ ಪೆಟ್ಟಿಗೆ ಬಾಳ್ತದಾ?"

ಅವನು ಮೊದಲ ಸಲ ನಕ್ಕ. "ಇಲ್ಲಿ ಸಾಯಂಕಾಲ ದೀಪ ಮಂಕಾಗ್ತದೆ ನೋಡಿ. ಊರೆಲ್ಲ ದೀಪ ಹಚ್ಚಿದಾಗ ಕರೆಂಟು ಬೀಳ್ತದೆ. ಆಗ ನಮ್ಮ ಮೋಟಾರಿಗೂ ಕಷ್ಟವೇ. ವ್ಯತ್ಯಾಸ ಇಷ್ಟೇನಮ್ಮ, ನಮ್ಮದು ಸುಟ್ಟರೆ ನಮ್ಮ ತಲೆನೋವು. ನಾನು ಬಂದು ರಿಪೇರಿ ಮಾಡ್ತೀನಿ, ಇಲ್ಲ ಬೇರೆ ತಂದಿಡ್ತೀನಿ. ನಿಮ್ಮದೇ ಆಗಿದ್ರೆ ನಿಮ್ಮ ತಲೆನೋವು. ಈಗ ಮೋಟಾರಿನ ಸಾಮಾನು ಬೆಂಗಳೂರಲ್ಲೇ ಸಿಗ್ತಿಲ್ಲ, ಕೋಲಾರದಲ್ಲೆಲ್ಲಿ?"

ಕೆಫೆಯ ಮುಂಭಾಗದಲ್ಲಿ, ಬಿಸಿಲು ಬೀಳದ ಮೂಲೆಯನ್ನು ಅವನು ತೋರಿಸಿದ. ಗೋಡೆಗೆ ಒತ್ತಿ ಇಡಬಾರದು, ಹಿಂದಿನಿಂದ ಬಿಸಿಗಾಳಿ ಹೋಗಲು ಒಂದು ಗೇಣು ಬಿಡಬೇಕು. ಕಾದ ಹಾಲನ್ನು ಆರಿಸದೆ ಇಡಬಾರದು. ವಾರಕ್ಕೊಮ್ಮೆ ನಿಲ್ಲಿಸಿ, ಒಳಗೆ ಕಟ್ಟಿದ ಮಂಜನ್ನು ಕರಗಲು ಬಿಡಬೇಕು, ಚಾಕುವಿನಿಂದ ಕೆರೆಯಬಾರದು. ಠೇವಣಿ ನೂರು ರೂಪಾಯಿ, ತಿಂಗಳಿಗೆ ಇಪ್ಪತ್ತೈದು. ಕೊನೆಗೆ ಚೀಲದಿಂದ ಅಚ್ಚು ಹಾಕಿಸಿದ ಕಾಗದ ತೆಗೆದ.

"ಕನಿಷ್ಠ ಎರಡು ವರ್ಷಕ್ಕೆ ಬರ್ಕೊಡಬೇಕು."

ಆದಿಲಕ್ಷ್ಮಿ ಕಾಗದಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಎರಡು ವರ್ಷಾನೇ? ಒಂದೊಂದು ತಿಂಗಳಿಗೆ ಆಗಲ್ವಾ?"

"ಲಾರಿಯಲ್ಲಿ ತಂದು, ತಂತಿ ಎಳೆದು, ಕೂರಿಸೋ ಖರ್ಚಿದೆಯಮ್ಮ. ಎರಡು ವರ್ಷಕ್ಕಿಂತ ಕಡಿಮೆಗೆ ಕಂಪನಿ ಒಪ್ಪೋಲ್ಲ."

ಕಾಗದವನ್ನು ಇಟ್ಟು ಹೋಗಿರಿ, ಯೋಚಿಸಿ ಕಳಿಸುತ್ತೇನೆ ಎಂದಳು.

ಅಂದೇ ಖಲಂದರ್ ಸಾಬರೂ ಮನಸ್ಸಿನಲ್ಲಿದ್ದುದನ್ನು ಹೇಳಿದರು. ಅವರ ಭುಜಗಳು ಸೋತಿದ್ದವು. ಬೇಕರಿಯನ್ನು ನಡೆಸುವ ಶಕ್ತಿ ಇನ್ನಿಲ್ಲ. ಅವರ ಇಟ್ಟಿಗೆಯ ಭಟ್ಟಿಯನ್ನು ಆದಿಲಕ್ಷ್ಮಿಯೇ ಗುತ್ತಿಗೆಗೆ ಹಿಡಿಯಬೇಕು. ತಿಂಗಳಿಗೆ ಹದಿನೈದು ರೂಪಾಯಿ. ಸೌದೆ ಅವಳದು, ತಳದ ಹಾಸು ಕಿತ್ತರೆ ರಿಪೇರಿ ಅವರದು. ಅದಕ್ಕಿಂತ ಹೆಚ್ಚಿನ ಮಾತೊಂದಿತ್ತು. ಆಗ ಮೈದಾ, ಸಕ್ಕರೆ ಎಲ್ಲ ಪರ್ಮಿಟ್ಟಿನ ಮೇಲೆ. ಹೊಸ ಭಟ್ಟಿ ಕಟ್ಟಿದವರಿಗೆ ಪರ್ಮಿಟ್ಟು ಯಾವಾಗ ಸಿಗುತ್ತದೋ ಹೇಳುವಂತಿರಲಿಲ್ಲ. ಸಾಬರ ಬೇಕರಿಗೆ ಬರುತ್ತಿದ್ದ ಮೈದಾ, ಬೇಕರಿ ನಡೆಯುವಷ್ಟು ದಿನ ಬರುತ್ತಿತ್ತು.

"ಕೊಟ್ಬಿಡ್ತೀನಿ ಅಂತ ಹೇಳ್ತಿಲ್ಲ ಬೇಟಿ, ಮಾರೋ ಮನಸ್ಸು ಇನ್ನೂ ಇಲ್ಲ," ಎಂದರು ಸಾಬರು. "ನಮ್ಮ ತಂದೆ ಕಟ್ಟಿದ್ದು. ಆದ್ರೆ ಅದು ಆರಬಾರದು. ಇಟ್ಟಿಗೆ ಭಟ್ಟಿ ಒಂದು ಮಳೆಗಾಲ ತಣ್ಣಗೆ ಬಿದ್ದಿದ್ರೆ ಥಂಡಿ ಹಿಡಿದು ಸೀಳ್ತದೆ. ಮೂರು ವರ್ಷಕ್ಕೆ ಕಾಗದ ಮಾಡೋಣ."

"ಒಂದು ವರ್ಷಕ್ಕೆ ಮಾಡಿ ಸಾಬ್ರೇ."

"ಒಂದು ವರ್ಷ ಆದ್ಮೇಲೆ?"

"ಅಷ್ಟೊತ್ತಿಗೆ ಅವರು ಬಂದಿರ್ತಾರೆ. ಅವರೇ ಹೇಳ್ತಾರೆ."

ಮೂರು ವರ್ಷ ಎಂದು ತಾವು ಹೇಳಿದ್ದು ಅವಳಿಗೆ ಹೇಗೆ ಕೇಳಿಸಿತೆಂದು ಸಾಬರಿಗೆ ಆಗ ಹೊಳೆಯಿತು. ಕೊಂಡರೆ ಅವನು ಬರುವುದಿಲ್ಲವೆಂದು ಒಪ್ಪಿಕೊಂಡಂತೆ ಎಂದುಕೊಂಡು ಅವಳು ಬಾಡಿಗೆಯ ಕಡೆ ತಿರುಗಿದ್ದಳು. ಬಾಡಿಗೆಯ ಕಾಗದವೋ, ಎಷ್ಟು ವರ್ಷ ಒಬ್ಬಳೇ ಇರುತ್ತೀ, ಬರೆದುಕೊಡು ಎನ್ನುತ್ತಿತ್ತು.

ಎರಡೂ ಕಾಗದ ಮನೆಯ ಗೂಡಿನಲ್ಲಿ ಉಳಿದವು. ಸುಬ್ಬರಾಯಪ್ಪನ ವಾರವೂ ಕಳೆಯುತ್ತ ಬಂತು.

ಹಾಗಿರುವಾಗ ಒಂದು ಮಧ್ಯಾಹ್ನ ಮುಳಬಾಗಿಲ ಬಸ್ಸಿನಿಂದ ಆಂಜಿನಪ್ಪ ಎಂಬಾತ ಇಳಿದು ಮನೆ ಹುಡುಕಿಕೊಂಡು ಬಂದ. ಮೂವತ್ತರ ಆಸುಪಾಸಿನವನು, ಕೆನ್ನೆ ಎರಡೂ ಒಳಕ್ಕೆ ಹೋಗಿದ್ದವು. ಮುನಿಯಲ್ಲಪ್ಪನ ಬೇಕರಿ ತುಕಡಿಯಲ್ಲೇ ಇದ್ದವನು. ಊರಿಗೆ ಬಂದು ಆರೇಳು ತಿಂಗಳಾಗಿದ್ದರೂ ಮಿಲಿಟರಿ ಆಸ್ಪತ್ರೆಯಲ್ಲೇ ಹೆಚ್ಚು ದಿನ ಮಲಗಿದ್ದ.

ದೊಡ್ಡಗಂಗಮ್ಮ ಅವನ ಎರಡೂ ಕೈ ಹಿಡಿದುಕೊಂಡಳು. ಆದಿಲಕ್ಷ್ಮಿ ನೀರು ತಂದು ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

"ಸಿಂಗಪುರದಾಗೆ ಒಂದೂವರೆ ವರ್ಷ ಒಟ್ಟಿಗೇ ಇದ್ವಿ ಅತ್ತಿಗೆ," ಎಂದ ಆಂಜಿನಪ್ಪ. "ನಲವತ್ಮೂರರಾಗೆ ಕೂಲಿ ಕೆಲಸಕ್ಕೆ ಅಂತ ಒಂದಷ್ಟು ಜನಾನ ಹಡಗಿಗೆ ಹತ್ತಿಸಿದ್ರು. ಯಾವುದೋ ದ್ವೀಪಕ್ಕೆ. ಅಣ್ಣನ ಹೆಸರು ಬಂತು, ನನ್ನ ಹೆಸರು ಬರಲಿಲ್ಲ. ನಂಗೆ ಆವತ್ತು ಜ್ವರ. ಆ ಹಡಗಿನೋರಲ್ಲಿ ಯಾರೂ ವಾಪಸ್ ಬಂದಿದ್ದು ನಾನು ನೋಡಿಲ್ಲ. ಇಲ್ಲ ಅಂತಾನೂ ನಾನು ಹೇಳಲ್ಲ. ಗೊತ್ತಿಲ್ಲ ಅತ್ತಿಗೆ."

"ಹೆಂಗಿದ್ರು ಅವರು?" ಎಂದಳು ಆದಿಲಕ್ಷ್ಮಿ.

"ಬಡವಾಗಿದ್ದ. ಆದ್ರೆ ಮಾತು ಬಿಟ್ಟಿರಲಿಲ್ಲ. ಎಣ್ಣೆ ಪೀಪಾಯಿ ಒಂದನ್ನ ಮಣ್ಣಾಗೆ ಹೂತು ಭಟ್ಟಿ ಮಾಡ್ಕೊಂಡಿದ್ದ. ಅಕ್ಕಿ ನುಚ್ಚು, ಮರಗೆಣಸಿನ ಹಿಟ್ಟು, ಏನು ಸಿಕ್ಕರೂ ಅದ್ರಾಗೆ ಸುಟ್ಟು ಹಂಚೋನು. ಕಲ್ಲಿನಂಗೆ ಇರೋದು. ನಗ್ತಾ ತಿಂತಿದ್ವಿ." ಆಂಜಿನಪ್ಪ ನೀರು ಕುಡಿದು ಮುಂದುವರಿಸಿದ. "ಇದು ನಂದಲ್ಲ ಕಣೋ, ಜಪಾನಿನೋರ ಪೀಪಾಯಿ, ಹಿಟ್ಟು ಯಾರದ್ದೋ, ಬೆಂಕಿ ಮಾತ್ರ ನಂದು ಅನ್ನೋನು. ಆ ಸೆಕೆಯಾಗೆ ನಮಗೆಲ್ಲ ಊಟದ ಕನಸು. ಅವನಿಗೆ ತಣ್ಣೀರಿನ ಕನಸು. ಒಂದು ಲೋಟ ಐಸ್ ನೀರು ಸಿಕ್ಕರೆ ಸಾಕು ಆಂಜಿನಪ್ಪ, ಮಿಕ್ಕಿದ್ದು ನಡ್ಕೊಂಡೇ ಬರ್ತೀನಿ ಕೋಲಾರಕ್ಕೆ ಅಂತಿದ್ದ."

ದೊಡ್ಡಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದಿಲಕ್ಷ್ಮಿ ಒಳಗೆ ಹೋಗಿ ಗೂಡಿನ ಮುಂದೆ ನಿಂತಳು. ಮಾಲೂರಿನ ತಗಡಿನಲ್ಲಿ ಅವನಿರಲಿಲ್ಲ. ಇಷ್ಟು ದಿನ ಅವನು ಬಂದು ಆರಿಸಲಿ ಎಂದು ಅವಳು ಕಾದಿಟ್ಟಿದ್ದ ಜಾಗವನ್ನು ಅವನು ಕೇಳಿಯೇ ಇರಲಿಲ್ಲ. ಯಾರದ್ದೋ ಪೀಪಾಯಿಯಲ್ಲಿ ಸುಡುತ್ತಿದ್ದವನಿಗೆ ಯಾರ ಭಟ್ಟಿ ಎನ್ನುವುದು ದೊಡ್ಡ ಮಾತಾಗಿರಲಿಲ್ಲ. ಬೆಂಕಿ ಉರಿಯುತ್ತಿರಬೇಕಿತ್ತು, ಅಷ್ಟೇ.

ಮಾರನೆಯ ದಿನ ಅವಳು ಸುಬ್ಬರಾಯಪ್ಪನಿಗೆ ಬೇಡವೆಂದು ಹೇಳಿಕಳಿಸಿದಳು. ಬೆಂಗಳೂರಿನ ಕಾಗದಕ್ಕೆ ಎರಡು ವರ್ಷವೆಂದೇ ಸಹಿ ಹಾಕಿದಳು. ಸಾಬರ ಕಾಗದದಲ್ಲಿ ಮೂರು ವರ್ಷವೆಂದು ಬರೆಸಿದಳು. ತಾನಾಗಿ ಒಂದು ಸಾಲನ್ನು ಸೇರಿಸಲು ಹೇಳಿದಳು: ಸಾಬರು ಎಂದಾದರೂ ಭಟ್ಟಿಯನ್ನು ಮಾರುವ ಮನಸ್ಸು ಮಾಡಿದರೆ ಮೊದಲು ಆದಿಲಕ್ಷ್ಮಿಯನ್ನು ಕೇಳಬೇಕು.

"ಬುದ್ಧಿವಂತೆ," ಎಂದರು ಸಾಬರು, ಸಹಿ ಹಾಕುತ್ತ.

"ಅವನು ಬಂದ್ರೆ?" ಎಂದಳು ದೊಡ್ಡಗಂಗಮ್ಮ ಮುನಿಸಿನಿಂದ.

"ಬಂದ್ರೆ ಅತ್ತೆ, ಬಿಸಿ ಬನ್ನಿರ್ತದೆ. ತಣ್ಣೀರಿರ್ತದೆ. ಕೊಂಡುಬಿಟ್ಟಿದ್ರೆ ದುಡ್ಡೆಲ್ಲ ಕಬ್ಬಿಣದಾಗೆ ಕೂತಿರೋದು, ಮೈದಾ ತರೋಕೂ ಇರ್ತಿರಲಿಲ್ಲ."

ನಲವತ್ತೇಳರ ಸಂಕ್ರಾಂತಿ ಕಳೆದು ಕೆಫೆ ಬಾಗಿಲು ತೆರೆಯಿತು. ಕೋಳಿ ಕೂಗುವ ಮೊದಲೇ ಅವಳು ಭಟ್ಟಿಯೊಳಗೆ ಸೌದೆ ಹೊತ್ತಿಸುತ್ತಿದ್ದಳು. ಕಮಾನಿನ ಮಸಿ ಸುಟ್ಟು ಇಟ್ಟಿಗೆ ಬೆಳ್ಳಗಾದ ಮೇಲೆ ಕೆಂಡ ಎಳೆದು, ಒದ್ದೆ ಗೋಣಿಯಿಂದ ತಳ ಒರೆಸಿ, ಒಂದು ಚಿಟಿಕೆ ಹಿಟ್ಟು ಎರಚಿ ನೋಡುವಳು. ಹಿಟ್ಟು ತಟ್ಟನೆ ಕಪ್ಪಾದರೆ ತಾಳಬೇಕು, ಮೆಲ್ಲಗೆ ಕಂದಿದರೆ ಬ್ರೆಡ್ಡು ಒಳಗೆ. ಬ್ರೆಡ್ಡಿನ ನಂತರ ಬನ್ನು, ಶಾಖ ಇಳಿದ ಮೇಲೆ ರಸ್ಕು. ಆ ಬೇಸಿಗೆಯಲ್ಲಿ ಕಚೇರಿಗೆ ಬಂದ ಮಾಸ್ತಿಯ ರೈತರು, ರಾಯಲ್ಪಾಡಿನ ತೆಲುಗಿನವರು ಒಂದಾಣೆ ಕೊಟ್ಟು ಐಸ್ ಷರಬತ್ತು ಕುಡಿದು, ಹಲ್ಲು ಜುಮ್ಮೆಂದಾಗ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಗಣಿಯ ಮನೆಯಲ್ಲಿ ಮುನಿಯಲ್ಲಪ್ಪ ವರ್ಣಿಸಿದ್ದು ಇದನ್ನೇ. ಅಷ್ಟೂ ಹಾಗೆಯೇ ನಡೆಯುತ್ತಿತ್ತು, ಅವನೊಬ್ಬ ಇರಲಿಲ್ಲ.

ಐಸ್ ಪೆಟ್ಟಿಗೆ ಎರಡು ಸಲ ಕೆಟ್ಟಿತು. ಎರಡನೆಯ ಸಲ ಮೋಟಾರೇ ಸುಟ್ಟಿತು. ವೆಂಕಟರಮಣ ಬೇರೊಂದನ್ನು ಲಾರಿಯಲ್ಲಿ ತಂದಿಟ್ಟ, ಅವಳ ಕೈಯಿಂದ ಒಂದು ಕಾಸೂ ಹೋಗಲಿಲ್ಲ. ಎರಡು ವರ್ಷ ತುಂಬಿದಾಗ, ಕೊಂಡುಕೊಳ್ಳುತ್ತೀರಾ ಎಂದು ಕಂಪನಿ ಕೇಳಿತು. ಇಲ್ಲ, ಬಾಡಿಗೆಗೇ ಇರಲಿ ಎಂದಳು. ಆ ಮಾತಿಗೆ ಅವಳು ಈಗ ಒಂದು ಗಳಿಗೆಯೂ ಯೋಚಿಸಲಿಲ್ಲ.

ನಲವತ್ತೆಂಟರ ಕೊನೆಗೆ ಸರ್ಕಾರದ ಕಾಗದ ಬಂತು. ಮುನಿಯಲ್ಲಪ್ಪ ಸತ್ತಿದ್ದಾನೆಂದು ಭಾವಿಸಲಾಗಿದೆ, ಹೆಂಡತಿಗೆ ಪಿಂಚಣಿ. ದೊಡ್ಡಗಂಗಮ್ಮ ಆ ಕಾಗದವನ್ನು ಮುಟ್ಟಲೂ ಇಲ್ಲ. ಮುಂದಿನ ಮಳೆಗಾಲದಲ್ಲಿ ಅವಳೂ ತೀರಿಕೊಂಡಳು.

ಮೂರು ವರ್ಷದ ಗುತ್ತಿಗೆ ಮುಗಿಯುವ ಹೊತ್ತಿಗೆ ಖಲಂದರ್ ಸಾಬರು ಕೋಲೂರಿಕೊಂಡು ಕೆಫೆಗೆ ಬಂದು, "ಈಗ ಮನಸ್ಸು ಬಂದಿದೆ ಬೇಟಿ," ಎಂದರು. ಆದಿಲಕ್ಷ್ಮಿ ಭಟ್ಟಿಯನ್ನೂ ಅದರ ನೆಲವನ್ನೂ ಕೊಂಡಳು. ಇಟ್ಟಿಗೆಯ ಭಟ್ಟಿಯನ್ನು ಎತ್ತಿ ಒಯ್ಯುವಂತಿಲ್ಲ, ನೆಲ ಯಾರದಾಗಿದೆಯೋ ಭಟ್ಟಿಯೂ ಅವರದೇ. ಆದ್ದರಿಂದ ಎರಡನ್ನೂ ಒಟ್ಟಿಗೇ ಬರೆಸಬೇಕೆಂದು ಅವಳೇ ಹಟ ಹಿಡಿದಳು.

ರಿಜಿಸ್ಟ್ರಿ ಕಚೇರಿಯ ಮರದಡಿ ಕೂತ ಪತ್ರ ಬರೆಯುವವರು ಸುಬ್ರಹ್ಮಣ್ಯಯ್ಯ ಎಂಬ ವಯಸ್ಸಾದವರು. ದಿನವೂ ಅವಳ ಬನ್ನು ತಿನ್ನುವವರು. ಆದಿಲಕ್ಷ್ಮಮ್ಮ ಕೋಂ, ಎಂದು ಬರೆದು ಲೇಖನಿ ಎತ್ತಿದರು. ಹೆಂಡತಿಯೆಂಬುದನ್ನು ಪತ್ರಗಳಲ್ಲಿ ಹಾಗೆಯೇ ಬರೆಯುವುದು.

"ಮುಂದೆ ಲೇಟ್ ಅಂತ ಹಾಕ್ಬೇಕೇನಮ್ಮ?" ಎಂದರು ಮೆತ್ತಗೆ. "ಸರ್ಕಾರದ ಕಾಗದ ಬಂದಿದೆಯಂತಲ್ಲ."

ಆದಿಲಕ್ಷ್ಮಿ ನೆಲ ನೋಡುತ್ತ ಕೂತಿದ್ದಳು. ಪಕ್ಕದಲ್ಲಿ ಸಾಬರು ಕೋಲಿನ ಹಿಡಿಯನ್ನು ತಿರುವುತ್ತಿದ್ದರು. ಎದುರಿನ ರಸ್ತೆಯಲ್ಲಿ ಒಂದು ಬಸ್ಸು ನಿಂತು, ಜನ ಇಳಿದು, ಹೊರಟುಹೋಯಿತು. ಅವಳು ತಲೆಯೆತ್ತಿ ನೋಡಲಿಲ್ಲ.

"ಕಾಗದದಾಗೆ ಭಾವಿಸಲಾಗಿದೆ ಅಂತ ಬರ್ದಿದ್ದಾರೆ ಅಯ್ಯನೋರೆ," ಎಂದಳು. "ಅವರು ಭಾವಿಸ್ಕೊಳ್ಳಲಿ. ನೀವು ಕೋಂ ಮುನಿಯಲ್ಲಪ್ಪ ಅಂತ ಅಷ್ಟೇ ಬರೀರಿ."

ಸುಬ್ರಹ್ಮಣ್ಯಯ್ಯ ಹಾಗೆಯೇ ಬರೆದರು. ಅವಳು ಓದಿಸಿ ಕೇಳಿ, ಎರಡು ಕಡೆ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಬೆರಳ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಹೊತ್ತು ಹನ್ನೊಂದಾಗಿತ್ತು. ಮಧ್ಯಾಹ್ನದ ಬನ್ನಿನ ಹಿಟ್ಟು ಉಬ್ಬಿ ಬೋಗುಣಿಯಿಂದ ಹೊರಬಿದ್ದಿರಬೇಕು ಎನ್ನುತ್ತ ಅವಳು ಸಾಬರಿಗೆ ಕೈಕೊಟ್ಟು ಎಬ್ಬಿಸಿ, ಅವರ ನಡಿಗೆಗೆ ತಕ್ಕಂತೆ ಓಣಿಯ ಕಡೆಗೆ ನಡೆದಳು.